ಜಪಾನಿ ಅಕ್ಷರದ ಏಸಿ ರಿಮೋಟ್: ಕೆಲವು ವರ್ಷ ಬಳಸಿದ ಮೇಲೆ

ಟೋಕಿಯೋ ಹತ್ರ ಬಾಡಿಗೆ ಮನೇಲಿದೀವಿ, ಈ ಏಸಿ ಮನೆ ಜೊತೆಗೇ ಬಂದಿದ್ದು. ಮಷೀನ್ ಬಗ್ಗೆ ಎರಡು ಮಾತಿಲ್ಲ, ಬೇಸಿಗೆಗೂ ಅದೇ ಚಳಿಗಾಲಕ್ಕೂ ಅದೇ. ಆದ್ರೆ ರಿಮೋಟಲ್ಲಿ ಒಂದಕ್ಷರನೂ ಇಂಗ್ಲಿಷ್ ಇಲ್ಲ, ಊರಿಂದ ಹೊಸದಾಗಿ ಬಂದೋರೆಲ್ಲ ಅಲ್ಲೇ ಒದ್ದಾಡೋದು, ಅದಕ್ಕೇ ರಿಮೋಟ್ ಬಗ್ಗೆನೇ ಬರೀತಿದೀನಿ.

冷房 ಅಂದ್ರೆ ಕೂಲಿಂಗು, 暖房 ಅಂದ್ರೆ ಹೀಟಿಂಗು. ಎರಡರಲ್ಲೂ ಎರಡನೇ ಅಕ್ಷರ ಒಂದೇ, ಹಾಗಾಗಿ ಮೊದಲನೇದರ ಎಡಗಡೆ ಮಾತ್ರ ನೋಡಿ. ಎರಡು ಚಿಕ್ಕ ಹನಿ ಥರ ಗೀಟಿದ್ರೆ ತಂಪು, ನಡುವೆ ಗೆರೆ ಎಳೆದ ಚಿಕ್ಕ ಡಬ್ಬಿ ಇದ್ರೆ ಬಿಸಿ. 除湿 ಅಥವಾ ドライ ಅಂತಿದ್ರೆ ತೇವ ತೆಗೆಯೋ ಮೋಡು, ಜೂನ್ ಜುಲೈ ಮಳೇಲಿ ಬಹಳ ಉಪಯೋಗ. ಆದ್ರೆ ಸುಮಾರು ಮಷೀನ್‌ಗಳಲ್ಲಿ ಇದು ಮೆಲ್ಲಗೆ ಕೂಲಿಂಗ್ ಮಾಡ್ಕೊಂಡೇ ತೇವ ಎಳೆಯೋದು, ಚಳಿಗಾಲದಲ್ಲಿ ಒಳಗೆ ಬಟ್ಟೆ ಒಣಗಿಸಕ್ಕೆ ಹಾಕಿದ್ರೆ ರೂಮು ಇನ್ನೂ ತಣ್ಣಗಾಗತ್ತೆ. 自動 ಆಟೋ, ನಮ್ಮದ್ರಲ್ಲಿ ಅದನ್ನ ಒತ್ತಿದ್ರೆ ಡಿಗ್ರಿ ಹೋಗಿ +1, -1 ಥರ ಬರತ್ತೆ, ಅದು ಮಷೀನ್ ತಾನೇ ಆರಿಸಿದ್ದಕ್ಕಿಂತ ಸ್ವಲ್ಪ ಬೆಚ್ಚಗೆ, ಸ್ವಲ್ಪ ತಂಪು ಅಂತ ಅಷ್ಟೇ.

温度 ಟೆಂಪರೇಚರು, 湿度 ತೇವಾಂಶ. ನೋಡಕ್ಕೆ ಒಂದೇ ಥರ ಕಾಣ್ತವೆ, ಸಂಖ್ಯೆ ಮುಂದೆ % ಇದ್ರೆ ತೇವಾಂಶ ಅಂತ ಗುರುತು ಹಿಡೀಬಹುದು. ಇಲ್ಲಿ ಸರ್ಕಾರ ಬೇಸಿಗೇಲಿ 28, ಚಳೀಲಿ 20 ಡಿಗ್ರಿ ಅನ್ನತ್ತಲ್ಲ, ಅದು ರೂಮಿನ ಬಿಸಿ, ರಿಮೋಟಲ್ಲಿ ಇಡೋ ಸಂಖ್ಯೆ ಅಲ್ಲ. ಬಿಸಿಲು ಹೊಡೆಯೋ ರೂಮಲ್ಲಿ 26 ಇಟ್ರೂ ಒಳಗೆ 28 ಇರಬಹುದು.

ಟೈಮರ್ ವಿಷಯ ಸ್ವಲ್ಪ ನಿಧಾನವಾಗಿ ಓದಿ. 入 ಆನ್, 切 ಆಫ್. ರಾತ್ರಿ 11ಕ್ಕೆ ಮಲಗ್ತೀರಿ, 2ಕ್ಕೆ ಆಫ್ ಆಗ್ಬೇಕು, ಬೆಳಿಗ್ಗೆ 6ಕ್ಕೆ ಮತ್ತೆ ಆನ್ ಆಗ್ಬೇಕು ಅಂತಿಟ್ಕೊಳಿ. ಏಸಿ ಓಡ್ತಿರುವಾಗಲೇ 切タイマー ಒತ್ತಿ 3 ಮಾಡಿ, ಆಮೇಲೆ 入タイマー ಒತ್ತಿ 7 ಮಾಡಿ. ಪಕ್ಕದಲ್ಲಿ 時間後 ಅಂತಿದೆಯಾ ನೋಡಿ, ಇದ್ರೆ ಅದು ಈಗಿಂದ ಇಷ್ಟು ಗಂಟೆ ಆದ್ಮೇಲೆ ಅಂತ, 6 ಅಂತ ಇಟ್ರೆ ಬೆಳಿಗ್ಗೆ 5ಕ್ಕೇ ಶುರುವಾಗತ್ತೆ. ಬದಲಿಗೆ 午前, 午後 ಅಂತಿದ್ರೆ ಅದು ಗಡಿಯಾರದ ಟೈಮು, ಮೊದಲನೇದು ಮಧ್ಯಾಹ್ನಕ್ಕೆ ಮುಂಚೆ, ಎರಡನೇದು ಆಮೇಲೆ. ಅಂಥ ರಿಮೋಟಲ್ಲಿ ಸೆಲ್ ಬದಲಾಯಿಸಿದಾಗ ಗಡಿಯಾರನೂ ಮತ್ತೆ ಸೆಟ್ ಮಾಡ್ಬೇಕಾಗತ್ತೆ, ಇಲ್ಲಾಂದ್ರೆ ಟೈಮರ್ ಎಲ್ಲೋ ಇರತ್ತೆ. ಬೇಡ ಅನಿಸಿದ್ರೆ 取消.

ಇನ್ನೊಂದು ಮುಖ್ಯ, ರಿಮೋಟ್ ಪರದೆ ತೋರ್ಸೋದು ತಾನು ಕಳಿಸಿದ್ದನ್ನ ಮಾತ್ರ, ಮಷೀನಿಂದ ವಾಪಸ್ ಉತ್ತರ ಬರಲ್ಲ. ಹಾಸಿಗೆ ಕೆಳಗಿಂದ ಒತ್ತಿ ಸಿಗ್ನಲ್ ತಲುಪದಿದ್ರೂ ಪರದೆ ಮೇಲೆ ಟೈಮರ್ ಕಾಣ್ತಾನೇ ಇರತ್ತೆ. ಪೀಂ ಅಂತ ಕೇಳಿಸ್ತಾ, ಗೋಡೆ ಮೇಲಿನ ಟೈಮರ್ ಲೈಟ್ ಹತ್ತಿದೆಯಾ ಅಂತ ನೋಡ್ಕೊಂಡೇ ಮಲಗಿ.

停止 ಒತ್ತಿದ್ಮೇಲೂ ಗಾಳಿ ಬರ್ತಿದ್ರೆ ಗಾಬರಿ ಬೇಡ, ಕೂಲಿಂಗ್ ಆದ್ಮೇಲೆ 内部クリーン ಅಂತ ಒಳಗಿನ ತೇವ ಒಣಗಿಸ್ಕೊಳ್ತಿರತ್ತೆ. ಮಾಡೆಲ್ ಮೇಲೆ ಒಂದು ಗಂಟೆಗಿಂತ ಜಾಸ್ತಿನೂ ಹಿಡೀಬಹುದು, ಪ್ಲಗ್ ಕೀಳಬೇಡಿ, ಒಳಗೆ ಬೂಷ್ಟು ಕಟ್ಟದೇ ಇರೋದು ಅದರಿಂದಾನೇ.