ಸಿಲಿಕೋನ್ ಹೀಲ್ ಕಪ್: ಎಂಟು ತಿಂಗಳ ಬಳಕೆಯ ನಂತರ, ಐದಕ್ಕೆ ಮೂರು ಅಂಕ

ಬೆಳಿಗ್ಗೆ ಹಾಸಿಗೆಯಿಂದ ಇಳಿದು ಕಾಲೂರಿದರೆ ಬಲ ಹಿಮ್ಮಡಿಗೆ ಮೊಳೆ ಹೊಡೆದಂತೆ ನೋವು. ಹತ್ತು ಹೆಜ್ಜೆ ಗೋಡೆ ಹಿಡಿದು ನಡೆದರೆ ಸಡಿಲವಾಗುತ್ತಿತ್ತು. ಬಹಳ ಹೊತ್ತು ಕುಳಿತು ಎದ್ದರೆ ಮತ್ತೆ ಅದೇ ಕಥೆ. ಹೆಬ್ಬೆರಳನ್ನು ಮೇಲಕ್ಕೆ ಎಳೆದು ಹಿಮ್ಮಡಿಯ ಒಳಬದಿಯ ಮುಂಭಾಗವನ್ನು ಒತ್ತಿದಾಗ ಜೀವ ಹೋದಂತಾಯಿತು. ವೈದ್ಯರು ಪ್ಲಾಂಟಾರ್ ಫ್ಯಾಸಿಯೈಟಿಸ್ ಇರಬಹುದು ಎಂದರು. ಅಂದರೆ, ಹಿಮ್ಮಡಿಯ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಹರಡಿರುವ ದಪ್ಪ ಪಟ್ಟಿ ನೊಂದಿದೆ. ಆ ದಿನವೇ ಶೂ ಒಳಗೆ ಹಿಮ್ಮಡಿಯ ಕೆಳಗಿಡುವ ಈ ಮೆತ್ತನೆಯ ಕಪ್ ತರಿಸಿದೆ.

ಹಗಲಿನ ಮಟ್ಟಿಗೆ ಇದು ಕೊಟ್ಟ ಮಾತು ಉಳಿಸಿಕೊಂಡಿದೆ. ನಿಂತು ಕೆಲಸ ಮಾಡುವ ನನಗೆ ಸಂಜೆಯ ನೋವು ಎರಡೇ ವಾರಗಳಲ್ಲಿ ಇಳಿಯಿತು. ಮೊದಲು ನೋವಿರುವ ಕಾಲಿಗೆ ಮಾತ್ರ ಹಾಕಿಕೊಂಡಿದ್ದೆ. ಒಂದು ಕಾಲು ಎತ್ತರವಾಗಿ ಸೊಂಟ ಹಿಡಿದುಕೊಂಡಿತು, ಆಮೇಲೆ ಎರಡಕ್ಕೂ ಹಾಕಿದೆ. ಹಿಂಭಾಗ ತಗ್ಗಾಗಿರುವ ಶೂಗಳಲ್ಲಿ ಇದು ಹಿಮ್ಮಡಿಯನ್ನು ಮೇಲೆತ್ತಿಬಿಡುವುದರಿಂದ ನಡೆಯುವಾಗ ಕಾಲು ಜಾರುತ್ತದೆ. ಆರನೆಯ ತಿಂಗಳಿಗೆ ಬಲಗಾಲಿನದು ಚಪ್ಪಟೆಯಾಯಿತು. ಹೆಬ್ಬೆರಳಿನಿಂದ ಒತ್ತಿದರೆ ಶೂ ತಳವೇ ಕೈಗೆ ಸಿಗುತ್ತಿತ್ತು.

ಆದರೆ ಬೆಳಗಿನ ಮೊದಲ ಹೆಜ್ಜೆಯ ನೋವನ್ನು ಕಪ್ ಮುಟ್ಟಲೂ ಇಲ್ಲ. ಮುಟ್ಟುವುದಾದರೂ ಹೇಗೆ? ಆ ಹೊತ್ತಿನಲ್ಲಿ ಅದು ಬಾಗಿಲ ಬಳಿ ಶೂ ಒಳಗಿರುತ್ತದೆ. ರಾತ್ರಿಯಿಡೀ ಪಾದ ಕೆಳಮುಖವಾಗಿ ಚಾಚಿಕೊಂಡು ಪಟ್ಟಿ ಬಿಗಿಯಾಗಿರುತ್ತದೆ. ಮೊದಲ ಹೆಜ್ಜೆ ಅದನ್ನು ಒಮ್ಮೆಲೇ ಎಳೆಯುತ್ತದೆ.

ಇದಕ್ಕೆ ಉಪಯೋಗಕ್ಕೆ ಬಂದದ್ದು ಕಾಸಿಲ್ಲದ ಕೆಲಸ. ಮಂಚದ ಮೇಲೆ ಕುಳಿತೇ ಬಲಗಾಲನ್ನು ಎಡ ತೊಡೆಯ ಮೇಲಿಟ್ಟು, ಬೆರಳುಗಳನ್ನು ಮೊಳಕಾಲಿನ ಕಡೆಗೆ ಎಳೆದು ಹತ್ತು ಸೆಕೆಂಡು ಹಿಡಿಯಬೇಕು. ಹೀಗೆ ಹತ್ತು ಬಾರಿ, ದಿನಕ್ಕೆ ಮೂರು ಸಲ. ಇನ್ನೊಂದು ಕೈಯಿಂದ ಅಂಗಾಲನ್ನು ಮುಟ್ಟಿ ನೋಡಿದರೆ ಪಟ್ಟಿ ತಂತಿಯಂತೆ ಬಿಗಿಯಾಗಿರಬೇಕು, ಇಲ್ಲದಿದ್ದರೆ ಎಳೆತ ಸಾಲದು. ನಾನು ಮೊದಲ ತಿಂಗಳು ಇದನ್ನು ಹಲ್ಲುಜ್ಜಿ ಬಂದ ಮೇಲೆ ಮಾಡುತ್ತಿದ್ದೆ. ಆ ಹೊತ್ತಿಗೆ ಬಿಗಿ ಪಟ್ಟಿಯ ಮೇಲೆ ಹತ್ತಾರು ಹೆಜ್ಜೆ ಇಟ್ಟಾಗಿರುತ್ತಿತ್ತು! ಇಳಿಯುವ ಮೊದಲೇ ಮಾಡಲು ಶುರು ಮಾಡಿದ ಮೇಲೆ, ಸುಮಾರು ಆರು ವಾರಗಳಲ್ಲಿ ಗೋಡೆ ಹಿಡಿಯುವುದು ನಿಂತಿತು. ಜೊತೆಗೆ ಗೋಡೆಗೆ ಕೈಯೂರಿ ಮೀನಖಂಡವನ್ನೂ ಹಿಗ್ಗಿಸುತ್ತೇನೆ. ಹಿಂದಿನ ಪಾದ ಹೊರಕ್ಕೆ ತಿರುಗದೆ ನೇರವಾಗಿರಬೇಕು, ಹಿಮ್ಮಡಿ ನೆಲ ಬಿಡಬಾರದು.

ಎರಡನೆಯ ಬದಲಾವಣೆ, ಮನೆಯೊಳಗೂ ಬರಿಗಾಲಿಲ್ಲ. ಮಂಚದ ಪಕ್ಕದಲ್ಲೇ ಚಪ್ಪಲಿ ಇರುತ್ತದೆ. ಮೆತ್ತಗಿದೆ ಎಂದು ಮೊದಲು ಕೊಂಡದ್ದು ಮಡಿಸಿದರೆ ನಡುವಿನಲ್ಲೇ ಬಾಗುತ್ತಿತ್ತು, ನೋವು ಇಳಿಯಲಿಲ್ಲ. ಈಗಿನದು ಬೆರಳುಗಳ ಬುಡದಲ್ಲಿ ಮಾತ್ರ ಬಾಗುತ್ತದೆ, ಕಮಾನಿಗೆ ಆಸರೆ ಇದೆ.

ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಹಿಸುಕಿದಾಗ ತೀವ್ರ ನೋವು, ಊತ, ಜೋಮು ಅಥವಾ ಮಲಗಿದಾಗಲೂ ಬಿಡದ ನೋವು ಇರುವವರು ಕಪ್ ಕೊಳ್ಳುವ ಮುನ್ನ ವೈದ್ಯರಿಗೆ ತೋರಿಸಬೇಕು, ಅದು ಮೂಳೆಯ ಬಿರುಕೋ ನರದ ತೊಂದರೆಯೋ ಇರಬಹುದು.

ಹೊಸ ಜೋಡಿ ತರಿಸಿದ್ದೇನೆ, ಕೆಲಸದ ಶೂಗೆ ಮಾತ್ರ.