ಒಂದೇ ರಕ್ತ, ಮೂರು ಉತ್ತರ: ಪ್ರೈಮಾಕ್ವಿನ್‌ಗೆ ಮುನ್ನ ಮಾಡುವ ಜಿ6ಪಿಡಿ ಪರೀಕ್ಷೆಗಳ ಹೋಲಿಕೆ

ವೈವಾಕ್ಸ್ ಮಲೇರಿಯಾಕ್ಕೆ ಮೂರು ದಿನ ಕ್ಲೋರೋಕ್ವಿನ್ ಕೊಟ್ಟರೆ ಜ್ವರ ಇಳಿಯುತ್ತದೆ, ರಕ್ತವೂ ಶುದ್ಧವಾಗುತ್ತದೆ. ಆದರೆ ಯಕೃತ್ತಿನಲ್ಲಿ ಮಲಗಿರುವ ಪರಾವಲಂಬಿಗೆ ಆ ಔಷಧ ತಾಗುವುದೇ ಇಲ್ಲ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಅದು ಎದ್ದು ಮತ್ತೆ ಜ್ವರ ತರುತ್ತದೆ. ಅದನ್ನು ಬೇರುಸಹಿತ ಕೀಳಲು ಪ್ರೈಮಾಕ್ವಿನ್ ಬೇಕು. ತೊಡಕಿರುವುದು ಇಲ್ಲಿಯೇ. ದೇಹದಲ್ಲಿ ಪ್ರೈಮಾಕ್ವಿನ್‌ನಿಂದ ಹುಟ್ಟುವ ವಸ್ತುಗಳು ಕೆಂಪು ರಕ್ತಕಣಗಳ ಮೇಲೆ ಉತ್ಕರ್ಷಣದ ಒತ್ತಡ ಹೇರುತ್ತವೆ. ಅದನ್ನು ತಡೆದುಕೊಳ್ಳಲು ಕಣಗಳಿಗೆ ಜಿ6ಪಿಡಿ ಎಂಬ ಕಿಣ್ವ ಬೇಕು. ಅದು ಕಡಿಮೆಯಿದ್ದವರಲ್ಲಿ ಕಣಗಳು ಒಡೆಯುತ್ತವೆ, ಮೂತ್ರ ಕಡುಚಹಾದ ಬಣ್ಣಕ್ಕೆ ತಿರುಗುತ್ತದೆ, ಹಿಮೋಗ್ಲೋಬಿನ್ ಕುಸಿಯುತ್ತದೆ.

ಪ್ರಯೋಗಾಲಯದಲ್ಲಿ ಈ ಕಿಣ್ವವನ್ನು ನಾನು ಮೂರು ವಿಧಾನಗಳಲ್ಲಿ ಅಳೆದಿದ್ದೇನೆ. ನಾಲ್ಕನೆಯದೂ ಒಂದುಂಟು: ಪರೀಕ್ಷೆಯನ್ನೇ ಮಾಡದೆ ಮಾತ್ರೆ ಕೊಟ್ಟು, 'ಮೂತ್ರ ಕಪ್ಪಾದರೆ ಬನ್ನಿ' ಎಂದು ಹೇಳಿ ಕಳಿಸುವುದು. ಅದನ್ನು ಹೋಲಿಕೆಗೆ ಸೇರಿಸುವ ಮನಸ್ಸು ನನಗಿಲ್ಲ. ಮೂತ್ರದ ಬಣ್ಣ ಬದಲಾಗುವ ಹೊತ್ತಿಗೆ ಕಣಗಳು ಒಡೆದಾಗಿರುತ್ತವೆ. ಅಷ್ಟು ಅವಸರವಾದರೂ ಏಕೆ? ಜ್ವರಕ್ಕೆ ಕ್ಲೋರೋಕ್ವಿನ್ ಅಂದೇ ಶುರುವಾಗುತ್ತದೆ, ಪ್ರೈಮಾಕ್ವಿನ್ ಕೆಲವು ದಿನ ಕಾಯಬಹುದು.

ಮೊದಲನೆಯದು ಪ್ರತಿದೀಪ್ತಿ ಚುಕ್ಕೆ ಪರೀಕ್ಷೆ, ನಮ್ಮ ಹಳೆಯ ಸಂಗಾತಿ. ಒಂದು ಹನಿ ರಕ್ತವನ್ನು ಕಾರಕದಲ್ಲಿ ಬೆರೆಸಿ, ಬೆರೆಸಿದ ಕೂಡಲೇ ಒಮ್ಮೆ, ಐದನೆಯ ನಿಮಿಷದಲ್ಲಿ ಒಮ್ಮೆ, ಹತ್ತನೆಯ ನಿಮಿಷದಲ್ಲಿ ಒಮ್ಮೆ ಸೋಸುಕಾಗದದ ಮೇಲೆ ಚುಕ್ಕೆ ಇಡುತ್ತೇವೆ. ಒಣಗಿದ ಮೇಲೆ ಕತ್ತಲೆ ಕೋಣೆಯಲ್ಲಿ ನೇರಳಾತೀತ ದೀಪದ ಕೆಳಗೆ ಹಿಡಿದರೆ, ಕಿಣ್ವ ಚೆನ್ನಾಗಿರುವ ರಕ್ತದ ಚುಕ್ಕೆಗಳು ಹೊತ್ತು ಕಳೆದಂತೆ ಹೆಚ್ಚು ಹೊಳೆಯುತ್ತವೆ. ಕಿಣ್ವವಿಲ್ಲದ ರಕ್ತದಲ್ಲಿ ಮೂರು ಚುಕ್ಕೆಗಳೂ ಮಂಕು. ಇದಕ್ಕೆ ದೀಪ, ಶೀತಕ ಪೆಟ್ಟಿಗೆ, ಪಳಗಿದ ಕಣ್ಣು ಮೂರೂ ಬೇಕು. ಜೊತೆಗೆ ಸಹಜ ರಕ್ತದ ಚುಕ್ಕೆಯೊಂದು ಪಕ್ಕದಲ್ಲಿರಲೇಬೇಕು, ಇಲ್ಲದಿದ್ದರೆ 'ಸ್ವಲ್ಪ ಹೊಳೆಯಿತು' ಎಂಬ ಮಾತಿಗೆ ಅರ್ಥವಿಲ್ಲ.

ಎರಡನೆಯದು ಪಟ್ಟಿ ಪರೀಕ್ಷೆ. ರಕ್ತ ಹಾಕಿ, ದ್ರಾವಣ ಬಿಟ್ಟು, ಹತ್ತು ನಿಮಿಷ ಕಾದರೆ ಕಿಟಕಿಯಲ್ಲಿ ನೇರಳೆ ಬಣ್ಣ ಮೂಡುತ್ತದೆ. ಮೂಡದಿದ್ದರೆ ಕೊರತೆ. ದೀಪ ಬೇಡ, ವಿದ್ಯುತ್ ಬೇಡ. ನಾನು ಬಳಸಿದ ಪಟ್ಟಿಯಲ್ಲಿ ಇಷ್ಟವಾದ ಗುಣವೊಂದಿದೆ: ಪಟ್ಟಿ ಕೆಟ್ಟಿದ್ದರೂ ಬಣ್ಣ ಮೂಡುವುದಿಲ್ಲ. ಅಂದರೆ ತಪ್ಪಿದರೂ 'ಕೊರತೆಯಿದೆ' ಎಂಬ ಕಡೆಗೇ ತಪ್ಪುತ್ತದೆ, ರೋಗಿಗೆ ಹಾನಿಯಾಗುವ ಕಡೆಗಲ್ಲ. ತಿಳಿನೇರಳೆ ಕಂಡಾಗ ಮಾತ್ರ ಇಬ್ಬರು ನೋಡಿದರೆ ಎರಡು ಉತ್ತರ ಬರುತ್ತದೆ.

ಮೂರನೆಯದು ಅಂಗೈಯಗಲದ ಯಂತ್ರ. ಬೆರಳಿನಿಂದ ತೆಗೆದ 10 ಮೈಕ್ರೋಲೀಟರ್ ರಕ್ತ ಸಾಕು, ಎರಡು ನಿಮಿಷದಲ್ಲಿ ಒಂದು ಗ್ರಾಂ ಹಿಮೋಗ್ಲೋಬಿನ್‌ಗೆ ಎಷ್ಟು ಯೂನಿಟ್ ಕಿಣ್ವವಿದೆ ಎಂಬ ಅಂಕಿ ಬರುತ್ತದೆ, ಜೊತೆಗೆ ಹಿಮೋಗ್ಲೋಬಿನ್ನೂ. ನಮ್ಮ ಯಂತ್ರದಲ್ಲಿ 4.0 ಮತ್ತು ಅದಕ್ಕಿಂತ ಕಡಿಮೆ ಬಂದರೆ ಕೊರತೆ, 4.1ರಿಂದ 6.0 ಮಧ್ಯಮ, ಅದಕ್ಕೂ ಮೇಲೆ ಸಹಜ. ಸಹಜ ಮಟ್ಟದ ಶೇ. 30 ಮತ್ತು ಶೇ. 70 ಎಂಬ ಗೆರೆಗಳಿಗೆ ಈ ಅಂಕಿಗಳು ಹೊಂದುತ್ತವೆ. ಯಂತ್ರಕ್ಕೆ ಸಿಡುಕು ಜಾಸ್ತಿ: ಕೋಣೆ ತೀರಾ ಬಿಸಿಯಾದರೆ ಕೆಲಸವನ್ನೇ ಮಾಡುವುದಿಲ್ಲ, ರಕ್ತವನ್ನು ಸರಿಯಾಗಿ ಬೆರೆಸದಿದ್ದರೆ ಅಂಕಿ ತಪ್ಪುತ್ತದೆ.

ಈ ಮೂರರ ನಡುವಿನ ಅಂತರ ನನಗೆ ಮನದಟ್ಟಾದದ್ದು 60 ಕಿಲೋ ತೂಕದ ಮಹಿಳೆಯೊಬ್ಬರ ರಕ್ತದಿಂದ. ಅವರು ಗರ್ಭಿಣಿಯೂ ಅಲ್ಲ, ಹಾಲೂಡಿಸುತ್ತಲೂ ಇರಲಿಲ್ಲ. ಇಲ್ಲದಿದ್ದರೆ ಮಾತೇ ಬೇರೆಯಾಗುತ್ತಿತ್ತು. ಚುಕ್ಕೆ ಹೊಳೆಯಿತು, ಕೊಂಚ ಮಂಕಾಗಿ. ಪಟ್ಟಿ ನೇರಳೆಯಾಯಿತು. ಎರಡೂ 'ಸಹಜ' ಎಂದವು. ಯಂತ್ರ 4.9 ಎಂದಿತು.

ಇದು ಪರೀಕ್ಷೆಗಳ ಜಗಳವಲ್ಲ, ಆಕೆಯ ರಕ್ತದ ಸ್ವಭಾವ. ಜಿ6ಪಿಡಿಯ ವಂಶವಾಹಿ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಹೆಣ್ಣಿನ ಪ್ರತಿ ಜೀವಕೋಶದಲ್ಲಿ ಎರಡು ಎಕ್ಸ್‌ಗಳಲ್ಲಿ ಒಂದು ಸುಮ್ಮನಾಗುತ್ತದೆ. ಒಂದು ಎಕ್ಸ್‌ನಲ್ಲಿ ಮಾತ್ರ ದೋಷವಿದ್ದರೆ ಆಕೆಯ ಕೆಂಪು ಕಣಗಳು ಎರಡು ಗುಂಪಾಗುತ್ತವೆ: ಕೆಲವು ಪೂರ್ತಿ ಗಟ್ಟಿ, ಕೆಲವು ಪೂರ್ತಿ ದುರ್ಬಲ. ಕಣಗಳನ್ನು ಒಡೆದು ಬೆರೆಸಿ ನೋಡುವ ಪರೀಕ್ಷೆಗೆ ಕಾಣುವುದು ಸರಾಸರಿ ಮಾತ್ರ. ಚುಕ್ಕೆ ಮತ್ತು ಪಟ್ಟಿ ಹಿಡಿಯುವುದು ಸುಮಾರು ಶೇ. 30ಕ್ಕಿಂತ ಕೆಳಗಿನ ಕೊರತೆಯನ್ನು. ಆಕೆಯ ಸರಾಸರಿ ಅದಕ್ಕಿಂತ ಮೇಲಿತ್ತು. ಮಾತ್ರೆ ಮಾತ್ರ ಸರಾಸರಿಯನ್ನು ಕೇಳುವುದಿಲ್ಲ, ದುರ್ಬಲ ಕಣಗಳನ್ನೇ ಒಡೆಯುತ್ತದೆ.

ಔಷಧದ ಆಯ್ಕೆ ಈ ಅಂಕಿಯ ಮೇಲೆ ನಿಂತಿತು. ಪ್ರತಿ ಕಿಲೋಗೆ 0.25 ಮಿ.ಗ್ರಾಂ. ಲೆಕ್ಕದಲ್ಲಿ ದಿನಕ್ಕೆ 15 ಮಿ.ಗ್ರಾಂ. ಪ್ರೈಮಾಕ್ವಿನ್ 14 ದಿನ ಕೊಡಬಹುದು, ಅಥವಾ ದಿನಕ್ಕೆ 30 ಮಿ.ಗ್ರಾಂ.ನಂತೆ ಏಳು ದಿನದಲ್ಲಿ ಮುಗಿಸಬಹುದು. ಒಟ್ಟು ಎರಡರಲ್ಲೂ 210 ಮಿ.ಗ್ರಾಂ. ಆದರೆ ಕಣಗಳಿಗೆ ಬೀಳುವ ದಿನದ ಪೆಟ್ಟು ಎರಡನೆಯದರಲ್ಲಿ ಇಮ್ಮಡಿ. ಒಂದೇ ಸಲ 300 ಮಿ.ಗ್ರಾಂ. ನುಂಗುವ ಟಾಫೆನೊಕ್ವಿನ್ ಶೇ. 70ರ ಗೆರೆ ದಾಟಿದವರಿಗೆ ಮಾತ್ರ. ಅದು ದೇಹದಲ್ಲಿ ವಾರಗಟ್ಟಲೆ ಉಳಿಯುತ್ತದೆ, ಕಣ ಒಡೆಯತೊಡಗಿದರೆ ವಾಪಸ್ ತೆಗೆಯಲಾಗದು. ಪ್ರೈಮಾಕ್ವಿನ್ ಆದರೆ ನಿಲ್ಲಿಸಿದ ಒಂದೆರಡು ದಿನದಲ್ಲಿ ಹೊರಟುಹೋಗುತ್ತದೆ. ವೈದ್ಯರು 14 ದಿನದ ದಾರಿಯನ್ನೇ ಹಿಡಿದರು. ಹಿಮೋಗ್ಲೋಬಿನ್ ಮೊದಲ ದಿನ 11.8 ಇತ್ತು, ಐದನೆಯ ದಿನ 10.9ಕ್ಕೆ, ಏಳನೆಯ ದಿನ 10.4ಕ್ಕೆ ಇಳಿದು ಅಲ್ಲಿಗೇ ನಿಂತಿತು. 14ನೆಯ ದಿನ ಮತ್ತೆ 10.9. ಮೂತ್ರದ ಬಣ್ಣ ಬದಲಾಗಲಿಲ್ಲ. ಪಟ್ಟಿಯನ್ನು ನಂಬಿದ್ದರೆ ಆಕೆಗೆ ಏಳು ದಿನದ ಪ್ರಮಾಣ ಸಿಗುತ್ತಿತ್ತು, ರಕ್ತ ನೋಡುವವರೂ ಇರುತ್ತಿರಲಿಲ್ಲ.

ಹಾಗಾಗಿ ನನ್ನ ತೀರ್ಪು ಇಷ್ಟು: ಗಂಡಸರಿಗೆ ಪಟ್ಟಿ ಧಾರಾಳವಾಗಿ ಸಾಕು, ಅವರಿಗಿರುವುದು ಒಂದೇ ಎಕ್ಸ್. ಹೆಂಗಸರಿಗೆ, ಮತ್ತು ಟಾಫೆನೊಕ್ವಿನ್ ಕೊಡುವ ಯಾರಿಗೇ ಆದರೂ, ಯಂತ್ರದ ಅಂಕಿಯೇ ಬೇಕು. ಚುಕ್ಕೆ ಪರೀಕ್ಷೆಯನ್ನು ಕೈಬಿಡುವುದು ಬೇಸರವೆನಿಸಿದರೂ, ಪಟ್ಟಿಗಿಂತ ಹೆಚ್ಚಿನದೇನನ್ನೂ ಅದು ಹೇಳುವುದಿಲ್ಲ.

ಯಂತ್ರವೂ ಮೋಸ ಮಾಡುತ್ತದೆ. 60 ಕಿಲೋ ತೂಕದ ಗಂಡಸೊಬ್ಬನಿಗೆ 4.6 ಬಂದಿತ್ತು. ಸಹೋದ್ಯೋಗಿ 'ಮಧ್ಯಮ' ಎಂದು ಬರೆದುಬಿಟ್ಟಿದ್ದರು. ನನಗೆ ಕಸಿವಿಸಿಯಾಯಿತು, ಏಕೆಂದರೆ ಗಂಡಸಿನಲ್ಲಿ ಎರಡು ಗುಂಪಿನ ಕಣಗಳಿರುವುದಿಲ್ಲ, ಮಧ್ಯದ ಅಂಕಿ ಬಂದರೆ ಅನುಮಾನಿಸಬೇಕು. ವಿಚಾರಿಸಿದಾಗ ಗೊತ್ತಾಯಿತು: ಎರಡು ವಾರದ ಹಿಂದೆ ಬೇರೆಲ್ಲೋ ಪರೀಕ್ಷೆಯಿಲ್ಲದೆ ಪ್ರೈಮಾಕ್ವಿನ್ ಕೊಟ್ಟಿದ್ದರು, ನಾಲ್ಕನೆಯ ದಿನ ಮೂತ್ರ ಕಪ್ಪಾಗಿ ನಿಲ್ಲಿಸಿದ್ದರು. ಒಡೆದುಹೋದವು ಕಿಣ್ವ ಬತ್ತಿದ ಹಳೆಯ ಕಣಗಳು. ಉಳಿದವು ಆಗಷ್ಟೇ ಹುಟ್ಟಿದ ಎಳೆಯ ಕಣಗಳು, ಅವುಗಳಲ್ಲಿ ಕಿಣ್ವ ಹೆಚ್ಚು. ನಾವು ಅಳೆದದ್ದು ಬದುಕುಳಿದವುಗಳನ್ನು. ಚಿಕಿತ್ಸೆ ಮುಂದೂಡಿದೆವು. ನಡುವೆ ಒಮ್ಮೆ ಜ್ವರ ಮರುಕಳಿಸಿತು, ಕ್ಲೋರೋಕ್ವಿನ್ ಕೊಟ್ಟೆವು. ಮೂರು ತಿಂಗಳ ಬಳಿಕ ಅದೇ ಯಂತ್ರದಲ್ಲಿ ಅವನ ಅಂಕಿ 1.3. ಆಗ ವೈದ್ಯರು ಕಿಲೋಗೆ 0.75 ಮಿ.ಗ್ರಾಂ.ನಂತೆ ವಾರಕ್ಕೊಂದೇ ಸಲ 45 ಮಿ.ಗ್ರಾಂ. ಬರೆದುಕೊಟ್ಟರು. ಎಂಟು ವಾರ ಅವನು ನಮ್ಮ ಕಣ್ಣೆದುರೇ ಮಾತ್ರೆ ನುಂಗಿದ. ಪ್ರತಿ ಸಲವೂ ಮೊದಲು ಹಿಮೋಗ್ಲೋಬಿನ್ ನೋಡಿ, ಆಮೇಲೆ ಮಾತ್ರೆ ಕೊಟ್ಟೆವು.