ತರಗತಿ ಪ್ರೇರಣೆಯ ಥೀಸಿಸ್: ಬರೀ ಅಂಕಿಯೋ, ಮಿಶ್ರ ವಿಧಾನವೋ?

ಪ್ರಶ್ನೆ ಇದು ಅಂತಿಟ್ಟುಕೊಳ್ಳಿ: ಮೇಷ್ಟ್ರು ಮಕ್ಕಳ ಮಾತಿಗೆ ಬೆಲೆ ಕೊಟ್ಟರೆ ಒಂಬತ್ತನೇ ತರಗತಿಯವರಿಗೆ ವಿಜ್ಞಾನದಲ್ಲಿ ಆಸಕ್ತಿ ಹೆಚ್ಚುತ್ತದೆಯೇ? ಎರಡೂ ದಾರಿಯಲ್ಲಿ ಕೆಲಸ ಮಾಡಿ ನೋಡಿದ ಮೇಲೆ ಕಂಡ ವ್ಯತ್ಯಾಸ ಹೀಗಿದೆ.

ಬರೀ ಪರಿಮಾಣಾತ್ಮಕ ಅಧ್ಯಯನ ಸಲೀಸು ಅನ್ನಿಸುತ್ತದೆ. ಶಿವಮೊಗ್ಗ ಪೇಟೆಯ 10 ತರಗತಿಗಳಿಗೆ ಹೋಗಿ, ತಲಾ 40 ಮಕ್ಕಳಂತೆ 400 ಪ್ರಶ್ನಾವಳಿ ತುಂಬಿಸಿದರೆ ಮುಗಿಯಿತು ಅಂತ ಲೆಕ್ಕ. ಆದರೆ ಒಂದೇ ಮೇಷ್ಟ್ರ ಕೈಕೆಳಗಿನ ಮಕ್ಕಳ ಉತ್ತರಗಳು ಒಂದಕ್ಕೊಂದು ಹೋಲುತ್ತವೆ. ಈ ಹೋಲಿಕೆಯ ಅಳತೆ, ಅಂದರೆ ಐಸಿಸಿ, 0.10 ಇದ್ದರೆ, 400ರ ತೂಕ ಎಷ್ಟು ಪಟ್ಟು ಕುಗ್ಗುತ್ತದೆ ಅನ್ನುವ ಸೂತ್ರ ಹೀಗೆ:

```
1 + (40 - 1) × 0.10 = 4.9
400 / 4.9 ≈ 82
```

ಕೈಯಲ್ಲಿ 400 ಹಾಳೆ ಇದ್ದರೂ ತೂಕ 82 ಮಕ್ಕಳದ್ದು ಮಾತ್ರ. ತೀರ್ಥಹಳ್ಳಿ, ಹೊಸನಗರ ಕಡೆಯ ಸಣ್ಣ ಶಾಲೆಗಳಿಂದ 16 ಮಕ್ಕಳ 25 ತರಗತಿ ತೆಗೆದುಕೊಂಡರೆ ಅದೇ 400ಕ್ಕೆ 160ರ ತೂಕ ಬರುತ್ತದೆ. ಓಡಾಟ ಹೆಚ್ಚು, ಮಳೆಗಾಲದಲ್ಲಂತೂ ರಜೆಯ ಕಾಟ ಬೇರೆ. ಆದರೂ ಮೇಷ್ಟ್ರ ಬಗ್ಗೆ ಏನಾದರೂ ಹೇಳಬೇಕಿದ್ದರೆ ಮಕ್ಕಳಿಗಿಂತ ತರಗತಿಗಳ ಸಂಖ್ಯೆಯೇ ಮುಖ್ಯ. ಉತ್ತರಗಳ ಈ ಹೋಲಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಸಾದಾ ರಿಗ್ರೆಶನ್ ಹಾಕಿದರೆ ಇಲ್ಲದ ಸಂಬಂಧವೂ ಇದ್ದಂತೆ ತೋರಬಹುದು.

ಅಂಕಿ, ಮಾತು ಎರಡನ್ನೂ ಬಳಸುವ ಮಿಶ್ರ ವಿಧಾನದಲ್ಲಿ ಹಲವು ಬಗೆ. ಈ ಪ್ರಶ್ನೆಗೆ ಒಗ್ಗುವುದು ಮೊದಲು ಸಮೀಕ್ಷೆ, ಆಮೇಲೆ ಸಂದರ್ಶನ. ಸಂದರ್ಶನಕ್ಕೆ 'ಚೆನ್ನಾಗಿ ಮಾತಾಡುವ' ಮಕ್ಕಳನ್ನು ಮೇಷ್ಟ್ರೇ ಆರಿಸಿ ಕಳಿಸಿದರೆ ಎರಡನೇ ಹಂತ ಅಲ್ಲಿಗೇ ಕೆಟ್ಟಿತು. ಆರಿಸಬೇಕಾದ್ದು ಸಮೀಕ್ಷೆಯ ಅಂದಾಜು ತಪ್ಪಿದ ಕಡೆ: ಮೇಷ್ಟ್ರಿಗೆ ಒಳ್ಳೆಯ ಅಂಕ ಕೊಟ್ಟೂ ಆಸಕ್ತಿ ತಳದಲ್ಲಿರುವ ಆರು ಮಕ್ಕಳು, ಅದಕ್ಕೆ ತದ್ವಿರುದ್ಧದ ಆರು ಮಕ್ಕಳು. 'ಮೇಷ್ಟ್ರು ಪ್ರಶ್ನೆ ಕೇಳಲು ಬಿಡುತ್ತಾರೆ' ಅನ್ನುವುದಕ್ಕೆ 5 ಹಾಕಿದ ಹುಡುಗಿ, ಕೇಳಿದರೆ ಹಿಂದಿನ ಬೆಂಚಿನವರು ನಗುತ್ತಾರೆ ಅಂತ ಸುಮ್ಮನಿದ್ದಾಳು. ಪ್ರಶ್ನಾವಳಿಯಲ್ಲಿ ಸಹಪಾಠಿಗಳ ಬಗ್ಗೆ ಒಂದು ಸಾಲೂ ಇಲ್ಲದಿದ್ದರೆ ಎಷ್ಟು ಸಾವಿರ ಹಾಳೆ ತುಂಬಿಸಿದರೂ ಇದು ಸಿಗದು.

ಇಲ್ಲಿ ಹೆಚ್ಚಾಗಿ ಕೈಕೊಡುವುದು ಕೋಡ್ ಸಂಖ್ಯೆ. ಗೋಪ್ಯತೆ ಅಂತ ಹೆಸರೂ ಇಲ್ಲದೆ, ಕೋಡೂ ಇಲ್ಲದೆ ಹಾಳೆ ತುಂಬಿಸಿದರೆ ಆ ಹುಡುಗಿ ಯಾರೆಂದು ಮತ್ತೆ ಹುಡುಕಲಾಗದು. ಹಾಳೆಯ ಮೇಲೆ ಕೋಡ್ ಮಾತ್ರ ಇರಲಿ. ಹೆಸರಿನ ಪಟ್ಟಿ ಬೇರೆ ಕಡೆ, ಬೀಗದೊಳಗೆ ಇರಲಿ. ಪೋಷಕರ ಒಪ್ಪಿಗೆ ಪತ್ರದಲ್ಲಿ ಸಂದರ್ಶನದ ವಿಷಯವನ್ನೂ ಮೊದಲೇ ಸೇರಿಸಬೇಕು. ಇನ್ನು ಸಮಯ: ಸಮೀಕ್ಷೆ ಆಗಸ್ಟ್‌ನಲ್ಲಾದರೆ ಸಂದರ್ಶನ ದಸರಾ ರಜೆಗೆ ಮುಂಚೆ ಮುಗಿಯಲಿ. ಜೂನ್ ಬಂದರೆ ಮಕ್ಕಳು ಹತ್ತನೇ ತರಗತಿ, ಎಸ್‌ಎಸ್‌ಎಲ್‌ಸಿ ಗುಂಗು, ಉತ್ತರವೇ ಬೇರೆಯಾಗಿರುತ್ತದೆ.

ಒಂದು ಗಂಟೆಯ ರೆಕಾರ್ಡಿಂಗ್ ಬರೆದಿಳಿಸಲು ಐದಾರು ಗಂಟೆ ಬೇಕು. ಹಾಗಾಗಿ ಎಂ.ಎಡ್‌. ಪ್ರಬಂಧಕ್ಕೆ ನಮ್ಮ ಮತ ಬರೀ ಪರಿಮಾಣಾತ್ಮಕಕ್ಕೆ. ಪ್ರಶ್ನೆಯನ್ನು ಮಕ್ಕಳ ಮಟ್ಟಕ್ಕೇ ಇಳಿಸಿ, ಮೇಷ್ಟ್ರ ಬಗ್ಗೆ ತೀರ್ಮಾನ ಹೇಳದಿದ್ದರಾಯಿತು. ಪಿಎಚ್‌.ಡಿ.ಗೆ ಮಿಶ್ರ ವಿಧಾನ, ಅದೂ ಸಂದರ್ಶನ ಯಾವ ಅಂಕಿಯನ್ನು ವಿವರಿಸುತ್ತಿದೆ ಅಂತ ಒಂದೇ ಕೋಷ್ಟಕದಲ್ಲಿ ಅಕ್ಕಪಕ್ಕ ತೋರಿಸುವುದಾದರೆ ಮಾತ್ರ. ನಾಲ್ಕನೇ ಅಧ್ಯಾಯ ಅಂಕಿ, ಐದನೇದು ಮಾತು ಅಂತ ಬೇರೆಬೇರೆ ಇಟ್ಟರೆ ಇವೆರಡಕ್ಕೂ ಏನು ಸಂಬಂಧ ಅಂತಲೇ ವೈವಾದಲ್ಲಿ ಮೊದಲ ಪ್ರಶ್ನೆ ಬರುತ್ತದೆ.